ಹೋದ ಹದಿನಾಲ್ಕು ಸಾವಿರ ಯೂನಿಟ್, ವಾಪಸ್ ಬಂದ ಏಳು ಸಾವಿರ

ಪ್ರಶ್ನೆ: ವಯಸ್ಸು 36, ರಾಯಚೂರು, ಖಾಸಗಿ ಕಂಪನಿ ಕೆಲಸ. ಬಡ್ಡಿ ದರ ಇಳೀತಾ ಇದೆ. ಎನ್‌ಪಿಎಸ್ ಪಿಂಚಣಿ ಖಾತೆಯಲ್ಲಿರೋ ಇಕ್ವಿಟಿ, ಅಂದ್ರೆ ಶೇರಿನ ಭಾಗ, ತೆಗೆದು ಪೂರ್ತಿ ಸರ್ಕಾರಿ ಬಾಂಡಿನ ಜಿ ಸ್ಕೀಮಿಗೆ ಹಾಕಿದ್ರೆ 60ಕ್ಕೆ ಜಾಸ್ತಿ ದುಡ್ಡು ಸಿಗುತ್ತಾ? ಜಿ ರಿಟರ್ನ್ ನೋಡಿದ್ರೆ ಚೆನ್ನಾಗೇ ಇದೆ.

ನಾನು ಇದನ್ನೇ ಮಾಡಿದ್ದೆ. 2020ರ ಮಾರ್ಚ್ ಕೊನೆ ವಾರ, ಕೊಪ್ಪಳದ ಬಾಡಿಗೆ ಮನೆಯ ಮಾಳಿಗೆ ಮೇಲೆ ಕೂತು, ಮೊಬೈಲಲ್ಲೇ. ಲಾಕ್‌ಡೌನ್ ಆಗಿ ನಾಲ್ಕೈದು ದಿನ ಆಗಿತ್ತು.

ಗಿಣಿಗೇರಿ ಕಡೆ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. 2013ರಲ್ಲಿ ಕಂಪನಿಯವರು ಎನ್‌ಪಿಎಸ್ ಮಾಡಿಸಿದರು. ನಂದೂ ಅವರದೂ ಸೇರಿ ತಿಂಗಳಿಗೆ ಆರು ಸಾವಿರ ಹೋಗುತ್ತಿತ್ತು. ದುಡ್ಡು ಎಲ್ಲಿ ಹಾಕಬೇಕು ಅನ್ನೋದು ನಮಗೇ ಬಿಟ್ಟಿದ್ದರು. ಇಕ್ವಿಟಿ ಜಾಸ್ತಿ ಹಾಕು ಅಂತ ಗೆಳೆಯನೊಬ್ಬ ಹೇಳಿದ, ಹಾಕಿದೆ. ಆಮೇಲೆ ಏಳು ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲ. ಆ ಏಳು ವರ್ಷ ನಾನು ಮಾಡಿದ್ದೇ ಸರಿ ಇತ್ತು ನೋಡ್ರಿ!

2020ರ ಜನವರಿಯಲ್ಲಿ ನನ್ನ ಇಕ್ವಿಟಿ ಭಾಗ 4 ಲಕ್ಷ 20 ಸಾವಿರ ಇತ್ತು. ಮಾರ್ಚ್ ಕೊನೆಗೆ ಅದು 2 ಲಕ್ಷ 80 ಸಾವಿರ. ಶೇರುಪೇಟೆಯ ನಿಫ್ಟಿ ಸೂಚ್ಯಂಕ 12,300ರಿಂದ ಇಳಿದು ಇಳಿದು 7,600 ಮುಟ್ಟಿ, ಸ್ವಲ್ಪ ಎದ್ದು 8,300ರ ಆಸುಪಾಸು ನಿಂತಿತ್ತು. ನನ್ನ ಎನ್‌ಪಿಎಸ್ ಖಾತೆಯ ಪುಟದಲ್ಲೇ ಜಿ ಸ್ಕೀಮಿನ ಒಂದು ವರ್ಷದ ರಿಟರ್ನ್ ಎರಡಂಕಿ ತೋರಿಸುತ್ತಿತ್ತು. ಫೋನಿನಲ್ಲಿ ನಮ್ಮ ಮಾವನವರು, ಕಾರಟಗಿಯಲ್ಲಿ ಭತ್ತದ ವ್ಯಾಪಾರ, ಅಂದರು: "ಅಳಿಯಂದ್ರ, ಸರ್ಕಾರದ ಬಾಂಡ್ ಮುಳುಗಂಗಿಲ್ರೀ. ಶೇರಿನ್ಯಾಗಿಂದು ತಗದು ಅದಕ್ಕ ಹಾಕ್ರಿ, ನಿದ್ದಿ ಬರ್ತದ." ಖಾತೆಯೊಳಗೆ ಹೋಗಿ ಸ್ಕೀಮ್ ಪ್ರಿಫರೆನ್ಸ್, ಅಂದರೆ ದುಡ್ಡು ಯಾವ ಸ್ಕೀಮಿಗೆ ಅನ್ನೋದನ್ನು, ಬದಲಾಯಿಸಿದೆ. ಒಂದು ಓಟಿಪಿ, ಅಷ್ಟೇ. ತೆರಿಗೆ ಇಲ್ಲ, ದಂಡ ಇಲ್ಲ, ಯಾರೂ "ಯಾಕೆ" ಅಂತ ಕೇಳಲ್ಲ. ಅಷ್ಟು ಸಲೀಸು ಇದ್ದದ್ದೇ ನನಗೆ ಮುಳುವಾಯಿತು.

ಒಂದು ವಿಷಯ ಆಗ ನನಗೆ ಗೊತ್ತಿರಲಿಲ್ಲ. ಪ್ರಿಫರೆನ್ಸ್ ಬದಲಾಯಿಸಿದರೆ ಬರೀ ಮುಂದಿನ ಕಂತು ಹೊಸ ಕಡೆ ಹೋಗೋದಲ್ಲ, ಇಷ್ಟು ವರ್ಷ ಕೂಡಿಟ್ಟದ್ದೂ ಮಾರಾಟವಾಗಿ ಹೊಸ ಕಡೆ ಹೋಗುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಇಕ್ವಿಟಿ ಯೂನಿಟ್ ಬೆಲೆ 20 ರೂಪಾಯಿ ಅಂತ ಹಿಡಿಯಿರಿ. 2.8 ಲಕ್ಷ ಅಂದರೆ 14,000 ಯೂನಿಟ್. ಏಳು ವರ್ಷ ಕೂಡಿಸಿದ ಆ 14,000 ಯೂನಿಟ್ ಒಂದು ಓಟಿಪಿಗೆ ಕೈ ಬಿಟ್ಟು ಹೋದವು.

ಆ ಎರಡಂಕಿ ರಿಟರ್ನ್ ಎಲ್ಲಿಂದ ಬಂತು ಅನ್ನೋದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ನೀವೂ ಅದೇ ಅಂಕಿ ನೋಡಿ ಈ ಪ್ರಶ್ನೆ ಕೇಳಿದ್ದೀರಿ, ಅದಕ್ಕೇ ಹೇಳುತ್ತೇನೆ. ಜಿ ಸ್ಕೀಮ್ ಎಫ್‌ಡಿ ಅಲ್ಲ. ನಿಮ್ಮ ಎನ್‌ಪಿಎಸ್ ಫಂಡು ಸರ್ಕಾರದ ಉದ್ದ ಅವಧಿ ಬಾಂಡ್ ಕೊಂಡಿಟ್ಟಿರುತ್ತದೆ, ಅವಕ್ಕೆ ದಿನದಿನದ ಮಾರುಕಟ್ಟೆ ಬೆಲೆ ಕಟ್ಟುತ್ತದೆ. 100 ರೂಪಾಯಿಯ ಬಾಂಡ್, ವರ್ಷಕ್ಕೆ 7 ರೂಪಾಯಿ ಬಡ್ಡಿ, ಇನ್ನೂ 10 ವರ್ಷ ಬಾಕಿ ಅಂದುಕೊಳ್ಳಿ. ಪೇಟೆಯಲ್ಲಿ ದರ ಶೇ 6ಕ್ಕೆ ಇಳಿಯಿತು. ಹೊಸ ಬಾಂಡ್ ಕೊಂಡವನಿಗೆ 6 ರೂಪಾಯಿ, ನಿಮ್ಮ ಹಳೆಯದಕ್ಕೆ 7. ಹಾಗಾಗಿ ನಿಮ್ಮದಕ್ಕೆ ಗಿರಾಕಿ ಹೆಚ್ಚು, ಬೆಲೆ 107 ರೂಪಾಯಿ ಚಿಲ್ಲರೆಗೆ ಏರುತ್ತದೆ. ದರ ಶೇ 8ಕ್ಕೆ ಏರಿದರೆ ಅದೇ ಬಾಂಡ್ ಸುಮಾರು 93ಕ್ಕೆ ಇಳಿಯುತ್ತದೆ. 30 ವರ್ಷದ ಬಾಂಡಾದರೆ ಏಟು ಇನ್ನೂ ಜೋರು: ಒಂದು ಕಡೆ 114ರ ಹತ್ತಿರ, ಇನ್ನೊಂದು ಕಡೆ 89ರ ಹತ್ತಿರ.

ಅಂದರೆ ದರ ಇಳಿದ ವರ್ಷದಲ್ಲಿ 7 ರೂಪಾಯಿ ಬಡ್ಡಿ, ಜೊತೆಗೆ ಬೆಲೆ ಏರಿದ್ದು ಇನ್ನೊಂದು 7, ಒಟ್ಟು 14. ಆ 14 ನೋಡಿ ನಾನು ಒಳಗೆ ಹೋದೆ. ಆದರೆ ಬೆಲೆ ಏರಿದ ಲಾಭ ಮೊದಲೇ ಬಾಂಡ್ ಇಟ್ಟುಕೊಂಡವರಿಗೆ ಸಂದಾಯ ಆಗಿಬಿಟ್ಟಿತ್ತು. ನನಗೆ ಉಳಿದದ್ದು ಶೇ 6ರ ಆಸುಪಾಸಿನ ಬಡ್ಡಿ ಕೊಡುವ ದುಬಾರಿ ಬಾಂಡ್. ಸಂತೆ ಮುಗಿದ ಮೇಲೆ ಚೀಲ ಹಿಡಕೊಂಡು ಹೋದಂಗೆ.

ಇನ್ನು ನನ್ನ ತಪ್ಪಿನ ಎರಡನೇ ಅರ್ಧ. ಇದನ್ನು ಯಾರಿಗೂ ಹೇಳೋದಿಲ್ಲ, ಇಲ್ಲಿ ಹೆಸರಿಲ್ಲ ಅಂತ ಬರೆಯುತ್ತಿದ್ದೇನೆ. ಜಿಯಲ್ಲಿ ಇದ್ದದ್ದು ಒಂದೂವರೆ ವರ್ಷ. 2.8 ಲಕ್ಷ ಮೂರು ಲಕ್ಷದ ಚಿಲ್ಲರೆ ಆಯಿತು. ಕಡಿಮೆ ಏನಲ್ಲ, ಮಾವನವರು ಹೇಳಿದಂತೆ ನಿದ್ದೆಯೂ ಬಂತು. 2021ರ ಅಕ್ಟೋಬರ್ ಬರುವಷ್ಟರಲ್ಲಿ ನಿಫ್ಟಿ 18,000 ದಾಟಿತ್ತು. ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಶೇರು. ನಾನು ಮತ್ತೆ ಒಳಗೆ ಹೋಗಿ, ಮತ್ತೊಂದು ಓಟಿಪಿ ಹಾಕಿ, ಇಕ್ವಿಟಿಗೆ ವಾಪಸ್ ಬಂದೆ. ಮೇಲಿನ ಲೆಕ್ಕದಲ್ಲೇ ಹೋದರೆ 20 ರೂಪಾಯಿಯ ಯೂನಿಟ್ ಅಷ್ಟೊತ್ತಿಗೆ 43 ರೂಪಾಯಿ ಆಗಿತ್ತು. ಮೂರು ಲಕ್ಷದ ಚಿಲ್ಲರೆಗೆ ಸಿಕ್ಕಿದ್ದು ಏಳು ಸಾವಿರದ ಚಿಲ್ಲರೆ ಯೂನಿಟ್. ಕೊಟ್ಟದ್ದು 14,000, ವಾಪಸ್ ಬಂದದ್ದು ಅದರ ಅರ್ಧ.

ಇದು ನನಗೆ ಆಗ ಕಾಣಲೇ ಇಲ್ಲ. ಯಾಕಂದರೆ ನಾನು ರೂಪಾಯಿ ಕಾಲಮ್ಮೇ ನೋಡುತ್ತಿದ್ದೆ, ಅದು ಏರುತ್ತಲೇ ಇತ್ತು. ಸ್ಟೇಟ್‌ಮೆಂಟಿನಲ್ಲಿ ಯೂನಿಟ್ ಕಾಲಮ್ ಅಂತ ಒಂದಿದೆ, ಅದನ್ನು ನೋಡಿ. ಎರಡು ವರ್ಷ ಕಂತು ಕಟ್ಟಿದ ಮೇಲೂ ಇಕ್ವಿಟಿ ಯೂನಿಟ್ ಮೊದಲಿಗಿಂತ ಕಡಿಮೆ ಇದ್ದರೆ ನಡುವೆ ಏನೋ ಎಡವಟ್ಟು ಮಾಡಿರಬಹುದು. ನನ್ನದು ಹಾಗೇ ಇತ್ತು.

ಏನೂ ಮಾಡದೆ ಸುಮ್ಮನೆ ಇದ್ದಿದ್ದರೆ ಆ 2.8 ಲಕ್ಷ ಸುಮಾರು 6 ಲಕ್ಷ ಆಗುತ್ತಿತ್ತು. ವ್ಯತ್ಯಾಸ 2 ಲಕ್ಷ 90 ಸಾವಿರ. "ಮೂರು ಲಕ್ಷ ತಾನೆ" ಅಂತ ಹೆಂಡತಿ ಸಮಾಧಾನ ಮಾಡಿದಳು. ಆದರೆ ನನಗಾಗ 38, 60ಕ್ಕೆ ಇನ್ನೂ 22 ವರ್ಷ. ವರ್ಷಕ್ಕೆ ಶೇ 9ರಂತೆ ಬೆಳೆದರೂ ಆ 2.9 ಲಕ್ಷ 19 ಲಕ್ಷ ಆಗುತ್ತಿತ್ತು. ಆ ರಾತ್ರಿ ಕ್ಯಾಲ್ಕುಲೇಟರ್ ಮುಚ್ಚಿಟ್ಟೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಿಟ್ಟಾಗಬೇಡಿ, ಪ್ರಶ್ನೆಯೇ ಉಲ್ಟಾ ಇದೆ. 36ರ ವಯಸ್ಸಿನಲ್ಲಿ ಬಡ್ಡಿ ದರ ಇಳಿಯೋದು ನಿಮಗೆ ಲಾಭದ ಸುದ್ದಿ ಅಲ್ಲ. ಮಾವನವರ ಭಾಷೆಯಲ್ಲೇ ಹೇಳುವುದಾದರೆ, ಭತ್ತದ ರೇಟು ಏರಿದರೆ ಗೋಡೌನಿನಲ್ಲಿ ಮಾಲು ಇಟ್ಟವನಿಗೆ ಖುಷಿ, ಇನ್ನು ಮುಂದೆ ಕೊಳ್ಳುವವನಿಗೆ ಅಲ್ಲ. ನೀವು ಇನ್ನೂ 24 ವರ್ಷ ತಿಂಗಳು ತಿಂಗಳು ಬಾಂಡ್ ಕೊಳ್ಳುವ ಗಿರಾಕಿ. ದರ ಇಳಿದರೆ ಈಗ ಇರೋ ಸ್ವಲ್ಪ ದುಡ್ಡಿಗೆ ಒಂದು ಸಲ ಲಾಭ, ಮುಂದಿನ ಕಂತುಗಳೆಲ್ಲ ದುಬಾರಿ ಬಾಂಡಿಗೆ.

ಇನ್ನೂ ಒಂದು. ಆರ್‌ಬಿಐ ಇಳಿಸೋದು ರೆಪೋ ದರ, ಅದು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ್ದು. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ಅದು 6.50ರಿಂದ 5.25ಕ್ಕೆ ಬಂತು. ಆದರೆ ಜೂನ್‌ನಲ್ಲಿ ಒಂದೇ ಸಲ ಅರ್ಧ ಪರ್ಸೆಂಟ್ ಇಳಿಸಿದ ಮೇಲೂ 10 ವರ್ಷದ ಸರ್ಕಾರಿ ಬಾಂಡಿನ ದರ ಇಳಿಯಲಿಲ್ಲ, ಸ್ವಲ್ಪ ಏರಿತು. ಟಿವಿಯಲ್ಲಿ "ಬಡ್ಡಿ ಇಳಿಕೆ" ಅಂತ ಬಂದ ತಕ್ಷಣ ಜಿ ಏರುತ್ತೆ ಅನ್ನೋದು ಸುಳ್ಳು. ಜಿ ಸ್ಕೀಮಿನಿಂದ ಮುಂದೆ ಎಷ್ಟು ಬರಬಹುದು ಅಂತ ಅಂದಾಜು ಬೇಕಾದರೆ ಹೋದ ವರ್ಷದ ರಿಟರ್ನ್ ನೋಡಬೇಡಿ, ಇವತ್ತು 10 ವರ್ಷದ ಬಾಂಡ್ ದರ ಎಷ್ಟಿದೆ ನೋಡಿ. ಹೆಚ್ಚುಕಮ್ಮಿ ಅಷ್ಟೇ.

ಉದಾಹರಣೆಗೆ ತಿಂಗಳಿಗೆ ಐದು ಸಾವಿರ, 24 ವರ್ಷ, ಕಟ್ಟೋದು ಒಟ್ಟು 14 ಲಕ್ಷ 40 ಸಾವಿರ. ಪೂರ್ತಿ ಜಿಯಲ್ಲಿ ಶೇ 7 ಸಿಕ್ಕರೆ ಕೊನೆಗೆ ಸುಮಾರು 37 ಲಕ್ಷ. ಇಕ್ವಿಟಿ ಮಿಶ್ರಣದಲ್ಲಿ ಶೇ 9 ಬಂದರೆ 50 ಲಕ್ಷದ ಮೇಲೆ. ಆ 9 ಯಾರೂ ಗ್ಯಾರಂಟಿ ಕೊಡಲ್ಲ, ನಡುವೆ ನನ್ನ ಮಾರ್ಚ್ ತರಹದ ತಿಂಗಳೂ ಬರುತ್ತದೆ. ನಿಮಗೆ ತಡೆಯಕ್ಕೆ ಆಗಲ್ಲ ಅಂದರೆ ಎಲ್‌ಸಿ 50 ಆಟೋ ಚಾಯ್ಸ್ ಹಾಕಿ ಪಾಸ್‌ವರ್ಡ್ ಮರೆತುಬಿಡಿ: 35ರ ವಯಸ್ಸಿನವರೆಗೆ ಇಕ್ವಿಟಿ ಶೇ 50, ಅಲ್ಲಿಂದ ವರ್ಷಕ್ಕೆ 2ರಂತೆ ಇಳಿದು 55ಕ್ಕೆ 10. ಇಳಿಸೋ ಕೆಲಸ ನಿಮ್ಮ ಹುಟ್ಟಿದಹಬ್ಬದ ದಿನ ತಾನೇ ಆಗುತ್ತದೆ. ಎಡವಟ್ಟು ಮಾಡೋಕೆ ಕೈಗೆ ಏನೂ ಸಿಗಲ್ಲ. ನಾನಂತೂ ಪಾಲು ನಾವೇ ಹಂಚೋ ಆಕ್ಟಿವ್ ಚಾಯ್ಸ್‌ನಲ್ಲೇ ಇದ್ದೀನಿ, ಇಕ್ವಿಟಿ ಶೇ 60, ಹಟಕ್ಕೆ.

ಹಾಗಾದರೆ ಬಡ್ಡಿ ದರ ಯಾರಿಗೆ ಮುಖ್ಯ? ನಮ್ಮ ಶಿಫ್ಟ್ ಇನ್‌ಚಾರ್ಜ್ ಒಬ್ಬರಿದ್ದರು, ನಾವು ಅಣ್ಣಾರು ಅಂತಿದ್ದೆವು. ಅವರಿಗೆ 60 ತುಂಬಿದ್ದು 2020ರ ಏಪ್ರಿಲ್‌ನಲ್ಲಿ. ಕೊನೇವರೆಗೂ ಅರ್ಧದಷ್ಟು ಇಕ್ವಿಟಿಯಲ್ಲೇ ಇಟ್ಟಿದ್ದರು. ಕೂಡಿಟ್ಟದ್ದೂ ಬಿದ್ದಿತ್ತು, ಆಗ ಬಡ್ಡಿಯೂ ಇಳಿದಿತ್ತು. ಕನಿಷ್ಠ ಶೇ 40ಕ್ಕೆ ಆನ್ಯುಯಿಟಿ ಕೊಳ್ಳಬೇಕಿತ್ತು, ಅಂದರೆ ವಿಮಾ ಕಂಪನಿಗೆ ಇಡುಗಂಟು ಕೊಟ್ಟು ಬದುಕಿರೋವರೆಗೂ ಪಿಂಚಣಿ. ಆ ಪಿಂಚಣಿ ಎಷ್ಟು ಅನ್ನೋದು ಕೊಂಡ ದಿನದ ಬಡ್ಡಿ ಮೇಲೆ ನಿಂತಿರುತ್ತದೆ, ಆಮೇಲೆ ಬದಲಾಗಲ್ಲ. 15 ಲಕ್ಷಕ್ಕೆ ಶೇ 7 ಸಿಕ್ಕರೆ ತಿಂಗಳಿಗೆ 8,750, ಶೇ 6 ಆದರೆ 7,500.

ಜಿ ಸ್ಕೀಮಿನ ನಿಜವಾದ ಉಪಯೋಗ ಇರೋದು ಇಲ್ಲಿ. ಆ 15 ಲಕ್ಷ ಬಾಂಡಿನಲ್ಲಿ ಇದ್ದಿದ್ದರೆ, ದರ 7ರಿಂದ 6ಕ್ಕೆ ಇಳಿಯುವಾಗ ಬಾಂಡಿನ ಬೆಲೆ ಶೇ 8ರಷ್ಟು ಏರಿತು ಅಂದುಕೊಂಡರೂ 16 ಲಕ್ಷ 20 ಸಾವಿರ ಆಗುತ್ತಿತ್ತು, ಪಿಂಚಣಿ 8,100. ಪೂರ್ತಿ ಅಲ್ಲದಿದ್ದರೂ ಅರ್ಧ ಪೆಟ್ಟನ್ನು ಅದೇ ತಿನ್ನುತ್ತದೆ. ಇಕ್ವಿಟಿಗೆ ಆ ಗುಣ ಇಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ಜಿ ಅನ್ನೋದು 55 ದಾಟಿದವರ ಸ್ಕೀಮು, ಅದೂ ಆನ್ಯುಯಿಟಿಗೆ ಹೋಗೋ ಭಾಗಕ್ಕೆ.

ಆನ್ಯುಯಿಟಿ ಖರೀದಿ ಮುಂದೂಡಬಹುದು ಅಂತ ಅಣ್ಣಾರಿಗೆ ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ, ಮಗಳ ಮದುವೆ ಗಡಿಬಿಡಿಯಲ್ಲಿದ್ದರು. ಫಾರ್ಮಿಗೆ ಸಹಿ ಹಾಕಿ ಕೊಟ್ಟರು. ಮೊನ್ನೆ ಭಾಗ್ಯನಗರದಲ್ಲಿ ಸಿಕ್ಕಾಗ ಮಿರ್ಚಿ ತಿನ್ನುತ್ತಾ ಅಂದರು, "ಇನ್ನ ಎರಡು ವರ್ಷ ತಡದಿದ್ರ ಬಡ್ಡಿ ಏರಿತ್ತಲ್ಲೋ ತಮ್ಮಾ." ಏರಿತ್ತು. 2022ರ ಮೇ ತಿಂಗಳಿಂದಲೇ.