ಕೊಲ್ಯಾಬ್ ಅರ್ಧಕ್ಕೆ ನಿಂತರೆ ಡ್ರಾಫ್ಟ್ ರೀಲ್‌ನ ಲೆಕ್ಕ ಹೇಗೆ?

"ಬ್ರ್ಯಾಂಡ್ ಹೇಳಿಸಬೇಕು ಅಂತಿರೋ ಮಾತು ನನಗೆ ಒಪ್ಪಿಗೆ ಇಲ್ಲ. ಒಂದು ರೀಲ್ ಪೋಸ್ಟ್ ಆಗಿದೆ, ಎರಡನೆಯದು ಡ್ರಾಫ್ಟ್‌ನಲ್ಲೇ ನಿಂತಿದೆ. ಕೊಲ್ಯಾಬ್ ಇಲ್ಲಿಗೇ ಮುಗಿಸಿದರೆ ಅಡ್ವಾನ್ಸ್ ವಾಪಸ್ ಕೊಡಬೇಕಾ, ಇಲ್ಲ ಅವರೇ ನನಗೆ ಕೊಡಬೇಕಾ?"

ಉತ್ತರ ಇರೋದು ನಿಮ್ಮ ಆ ಡ್ರಾಫ್ಟ್‌ನಲ್ಲೇ. ನನಗೂ ಹೀಗೇ ಆಗಿತ್ತು, ಆ ಲೆಕ್ಕವನ್ನೇ ಹೇಳುತ್ತೇನೆ.

ಮುಖಕ್ಕೆ ಹಚ್ಚುವ ಕ್ರೀಮ್ ಒಂದರ ಕೆಲಸ ಅದು. ಮೂರು ರೀಲ್, ಎಂಟು ಸ್ಟೋರಿ, ಜೊತೆಗೆ ಮೊದಲ ರೀಲನ್ನು ಮೂರು ತಿಂಗಳು ಜಾಹೀರಾತಾಗಿ ಓಡಿಸುವ ಹಕ್ಕು. ಒಟ್ಟು ಹಣವನ್ನು 100 ಪಾಲು ಅಂತ ಇಟ್ಟುಕೊಳ್ಳಿ. ಒಂದೊಂದು ರೀಲ್‌ಗೆ 24, ಒಂದೊಂದು ಸ್ಟೋರಿಗೆ 2, ಜಾಹೀರಾತಿನ ಹಕ್ಕಿಗೆ 12. ಅಡ್ವಾನ್ಸ್ ಆಗಿ 40 ಪಾಲು ಬಂದಿತ್ತು.

ಎರಡನೇ ರೀಲ್‌ನ ಡ್ರಾಫ್ಟ್ ಕಳಿಸಿದಾಗ, "ಏಳೇ ದಿನದಲ್ಲಿ ನನ್ನ ಕಲೆಗಳು ಹೋದವು" ಅಂತ ಸೇರಿಸಿ ಎಂದರು. ನನ್ನ ಕಲೆ ಹೋಗಿರಲಿಲ್ಲ. ನನ್ನ ಮುಖ ನೋಡಿ ನಂಬಿ ಕೊಳ್ಳುವವರಿಗೆ ಅದನ್ನು ಹೇಳಲು ಮನಸ್ಸು ಬರಲಿಲ್ಲ. ನಿಲ್ಲಿಸೋಣ ಎಂದೆ. ಮರುದಿನವೇ "ಅಡ್ವಾನ್ಸ್ ಪೂರ್ತಿ ವಾಪಸ್ ಮಾಡಿ" ಅಂತ ಮೇಲ್ ಬಂತು.

ಆಗ ಕೂತು ಲೆಕ್ಕ ಹಾಕಿದೆ. ಪೋಸ್ಟ್ ಆದ ರೀಲ್ 24. ಎರಡು ಸ್ಟೋರಿ ಹೋಗಿದ್ದವು, 4. ಜಾಹೀರಾತು ಒಂದು ತಿಂಗಳು ಓಡಿತ್ತು, ಅಲ್ಲಿಗೇ ನಿಲ್ಲಿಸಿದರೆ ಮೂರರಲ್ಲಿ ಒಂದು ಭಾಗ, ಅಂದರೆ 4. ಒಟ್ಟು 32. ಡ್ರಾಫ್ಟ್‌ಗೆ ಏನೂ ಇಲ್ಲ ಅಂದರೆ ನಾನೇ 8 ಪಾಲು ಹಿಂದಿರುಗಿಸಬೇಕು. ಡ್ರಾಫ್ಟ್‌ಗೆ ಅರ್ಧ, ಅಂದರೆ 12 ಸೇರಿಸಿದರೆ ಲೆಕ್ಕ 44ಕ್ಕೆ ಹೋಗುತ್ತದೆ, ಅವರೇ 4 ಪಾಲು ಕೊಡಬೇಕು. ಒಂದು ಡ್ರಾಫ್ಟ್‌ನಿಂದ ಕೊಡುವವರು ಯಾರು, ತಗೊಳ್ಳುವವರು ಯಾರು ಅನ್ನೋದೇ ಬದಲಾಗುತ್ತದೆ, ಅಲ್ವಾ?

ಅದಕ್ಕೇ ನೀವು ಮೊದಲು ತೆಗೆದು ನೋಡಬೇಕಾದ್ದು ಅವರು ಶುರುವಿನಲ್ಲಿ ಕಳಿಸಿದ ಬ್ರೀಫ್. ಈಗ ಜಗಳವಾಗಿರುವ ಮಾತು ಅದರಲ್ಲಿ ಇತ್ತಾ? ನನ್ನ ಬ್ರೀಫ್‌ನಲ್ಲಿ "ದಿನವೂ ಹೇಗೆ ಬಳಸುತ್ತೀರಿ ತೋರಿಸಿ" ಅಂತ ಮಾತ್ರ ಇತ್ತು. ಡ್ರಾಫ್ಟ್ ಹಾಗೇ ಇತ್ತು. ಏಳು ದಿನದ ಮಾತು ಆಮೇಲೆ ಬಂದದ್ದು. ಅಂದರೆ ಅವರು ಹೇಳಿದ ಕೆಲಸವನ್ನೇ ನಾನು ಮಾಡಿದ್ದೆ, ಬದಲಾಯಿಸಿದ್ದು ಅವರು. ನಿಮ್ಮ ಬ್ರೀಫ್‌ನಲ್ಲಿ ಆ ಮಾತು ಮೊದಲೇ ಇದ್ದು, ನೀವು ಒಪ್ಪಿ ಈಗ ಬೇಡ ಅನ್ನುತ್ತಿದ್ದರೆ ನಿಮ್ಮ ವಾದ ಸೋಲುತ್ತದೆ. ಆಗಲೂ ಸುಳ್ಳು ಹೇಳಬೇಡಿ. ಆದರೆ ಡ್ರಾಫ್ಟ್‌ನ ಹಣ ಬಿಡಲು ತಯಾರಿರಿ.

ಅರ್ಧ ಅನ್ನೋದು ಎಲ್ಲೂ ಇರುವ ನಿಯಮ ಅಲ್ಲ. ಶೂಟಿಂಗ್, ಎಡಿಟಿಂಗ್ ಆಗಿದೆ, ನನ್ನ ಫಾಲೋವರ್‌ಗಳ ಮುಂದೆ ಅದು ಹೋಗಿಲ್ಲ ಅಂತ ಅರ್ಧ ಕೇಳಿದೆ, ಅವರು ಒಪ್ಪಿದರು. ನಿಮ್ಮ ಒಪ್ಪಂದದಲ್ಲಿ ಮಧ್ಯದಲ್ಲಿ ರದ್ದಾದರೆ ಎಷ್ಟು ಅಂತ ಬರೆದಿದ್ದರೆ ಅದೇ ನಡೆಯುತ್ತದೆ. ಎಲ್ಲಕ್ಕೂ ಸೇರಿ ಒಂದೇ ಮೊತ್ತ ಬರೆದಿದ್ದರೆ, ಮಾತುಕತೆಯ ಸಮಯದಲ್ಲಿ ನೀವು ಕಳಿಸಿದ ರೇಟ್ ಕಾರ್ಡ್ ಹುಡುಕಿ. ಪಾಲು ಮಾಡಲು ಅದೇ ಆಧಾರ.

ಸಿಟ್ಟಿನಲ್ಲಿ ಪೋಸ್ಟ್ ಆದ ರೀಲನ್ನು ಮಾತ್ರ ಡಿಲೀಟ್ ಮಾಡಬೇಡಿ. ಮಾಡಿದರೆ ಆ 24 ಪಾಲೂ ಸಂಶಯಕ್ಕೆ ಬೀಳುತ್ತದೆ. ಪೇಯ್ಡ್ ಅನ್ನೋ ಲೇಬಲ್ ಕೂಡ ತೆಗೆಯಬೇಡಿ, ಅದಕ್ಕೆ ಹಣ ಬಂದದ್ದು ನಿಜ ತಾನೇ. ಅದರ ಇನ್‌ಸೈಟ್ಸ್ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಫೋನ್‌ನಲ್ಲಿ ಏನೇ ಮಾತಾಡಿದರೂ ಮೇಲ್‌ನಲ್ಲಿ ಬರೆದು ಕಳಿಸಿ. ನಾನು ಬರೆದದ್ದು ಸುಮಾರು ಹೀಗಿತ್ತು: "ಇಂದಿಗೆ ಈ ಕೆಲಸ ಮುಗಿಸುತ್ತಿದ್ದೇವೆ. ಆದ ಕೆಲಸ 44, ಬಂದದ್ದು 40, ಬಾಕಿ 4. ಎರಡನೇ ರೀಲ್‌ನ ಡ್ರಾಫ್ಟನ್ನು ನೀವೂ ಬಳಸುವಂತಿಲ್ಲ, ನಾನೂ ಹಾಕುವುದಿಲ್ಲ. ಜಾಹೀರಾತು ಇಂದೇ ನಿಲ್ಲಬೇಕು. ಬೇರೆ ಬ್ರ್ಯಾಂಡ್ ಜೊತೆ ಕೆಲಸ ಮಾಡಬಾರದು ಅನ್ನುವ ಷರತ್ತು ಇಂದಿಗೆ ಮುಗಿಯಿತು. ಒಪ್ಪಿಗೆ ಎಂದು ಉತ್ತರಿಸಿ." ಹಳೆಯ ಇನ್‌ವಾಯ್ಸ್ ರದ್ದು ಮಾಡಿ, 44ಕ್ಕೆ ಹೊಸದು ಕಳಿಸಿ, ಅದರಲ್ಲೇ ಅಡ್ವಾನ್ಸ್ ಕಳೆದು ತೋರಿಸಿದೆ.

ಆ ಷರತ್ತಿನ ಸಾಲನ್ನು ಮರೆಯಬೇಡಿ. ನನ್ನ ಒಪ್ಪಂದದಲ್ಲಿ ಅದು ಆರು ತಿಂಗಳಿತ್ತು. ಬಿಡಿಸಿಕೊಳ್ಳದಿದ್ದರೆ, ಅವರಿಂದ ಮುಂದೆ ಒಂದು ಪಾಲೂ ಬರದೆ, ಇನ್ನೊಂದು ಕ್ರೀಮ್ ಕಂಪನಿಯ ಕೆಲಸವನ್ನೂ ಹಿಡಿಯುವಂತಿರಲಿಲ್ಲ. ಬಾಕಿ 4 ಬಂದದ್ದು ಮೂರು ವಾರದ ಮೇಲೆ, ಎರಡು ಸಲ ನೆನಪಿಸಿದ ನಂತರ. ಷರತ್ತು ಮಾತ್ರ ಅವರ "ಒಪ್ಪಿಗೆ" ಮೇಲ್ ಬಂದ ದಿನವೇ ಮುಗಿದಿತ್ತು.