ಒಂದು ಲೋಟ ಪ್ಯಾಕೆಟ್ ಜ್ಯೂಸ್‌ನಲ್ಲಿ ಎಷ್ಟು ಚಮಚ ಸಕ್ಕರೆ?

ಪ್ರಶ್ನೆ: ಮಕ್ಕಳಿಗೆ ಕೂಲ್ ಡ್ರಿಂಕ್ಸ್ ಬಿಡಿಸಿ ಪ್ಯಾಕೆಟ್ ಜ್ಯೂಸ್ ಕೊಡ್ತಿದ್ದೀವಿ. ಅದರಲ್ಲೂ ಸಕ್ಕರೆ ಜಾಸ್ತಿ ಅಂತಾರೆ. ಪ್ಯಾಕೆಟ್ ಮೇಲೆ ಗ್ರಾಂ ಲೆಕ್ಕದಲ್ಲಿ ಬರೆದಿರೋದು ತಲೆಗೆ ಹತ್ತಲ್ಲ. ಒಂದು ಲೋಟಕ್ಕೆ ಎಷ್ಟು ಚಮಚ ಅಂತ ಯಾರಾದರೂ ಹೇಳ್ತೀರಾ?

ಕೋಲಾ ಆದರೆ 200 ಎಂಎಲ್ ಲೋಟಕ್ಕೆ ಸುಮಾರು ಐದು ಚಮಚ. ಪ್ಯಾಕೆಟ್ ಜ್ಯೂಸ್ ಮತ್ತು ಮಾವಿನ ಹಣ್ಣಿನ ಡ್ರಿಂಕ್‌ಗಳಲ್ಲಿ ಸಾಮಾನ್ಯವಾಗಿ ಆರರಿಂದ ಏಳು. ಅಂದರೆ ನೀವು ಬದಲಾಯಿಸಿದ್ದು ಬಣ್ಣ ಮಾತ್ರ, ಸಕ್ಕರೆ ಕಡಿಮೆ ಆಗಿಲ್ಲ. ನಾನು ದಾವಣಗೆರೆಯಲ್ಲಿ ಡಯಟೀಶಿಯನ್. ಏಪ್ರಿಲ್, ಮೇ ಬಂದರೆ ಇಲ್ಲಿಯ ಬಿಸಿಲಿಗೆ ಈ ಪ್ರಶ್ನೆ ದಿನಾ ಬರುತ್ತದೆ. ಲೆಕ್ಕ ಕಷ್ಟ ಇಲ್ಲ, ನೀವೇ ಮಾಡಬಹುದು.

ಮೊದಲು ಚಮಚ. ಇಲ್ಲಿ ಚಮಚ ಅಂದರೆ 5 ಎಂಎಲ್ ಹಿಡಿಯುವ ಟೀ ಚಮಚ, ಅದೂ ಮಟ್ಟಸವಾಗಿ ತುಂಬಿದ್ದು. ಅದರಲ್ಲಿ ಸುಮಾರು 4 ಗ್ರಾಂ ಸಕ್ಕರೆ ಕೂರುತ್ತದೆ. ನಾವು ಮನೆಯಲ್ಲಿ ಟೀಗೆ ಗೋಪುರದ ಹಾಗೆ ತುಂಬಿ ಹಾಕುವ ಚಮಚದಲ್ಲಿ 6 ಗ್ರಾಂ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಇರುತ್ತದೆ. ಅನುಮಾನ ಇದ್ದರೆ ಮಕ್ಕಳ ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಅಳತೆ ಮುಚ್ಚಳ ತೆಗೆದುಕೊಳ್ಳಿ. ತೊಳೆದು ಒಣಗಿಸಿ, 5 ಎಂಎಲ್ ಗೆರೆಯವರೆಗೆ ಸಕ್ಕರೆ ತುಂಬಿ. ಅದೇ ಒಂದು ಚಮಚ.

ಆಮೇಲೆ ಲೋಟ. ಹೆಚ್ಚಿನವರು ತಪ್ಪುವುದು ಇಲ್ಲೇ. ಪ್ಯಾಕೆಟ್ ಮೇಲಿನ ಲೆಕ್ಕ 100 ಎಂಎಲ್‌ಗೆ ಇರುತ್ತದೆ, ಇಲ್ಲವೇ ಒಂದು 'ಸರ್ವ್'ಗೆ. ಆ ಸರ್ವ್ ಎಷ್ಟು ಅಂತ ಕಂಪನಿಯೇ ತೀರ್ಮಾನ ಮಾಡಿರುತ್ತದೆ, ನಿಮ್ಮ ಮನೆಯ ಸ್ಟೀಲ್ ಲೋಟ ನೋಡಿ ಅಲ್ಲ. ಅರ್ಧ ಲೀಟರ್ ನೀರಿನ ಬಾಟಲಿಯಿಂದ ನಿಮ್ಮ ಲೋಟ ತುಂಬಿಸಿ ನೋಡಿ. ಎರಡು ಲೋಟಕ್ಕೆ ಬಾಟಲಿ ಖಾಲಿ ಆದರೆ ಅದು 250 ಎಂಎಲ್ ಲೋಟ.

ಈಗ ಒಂದು ಪ್ಯಾಕೆಟ್ ಓದೋಣ. ಒಂದು ಲೀಟರ್‌ನ ಮಿಕ್ಸೆಡ್ ಫ್ರೂಟ್ ಜ್ಯೂಸ್, 100 ಎಂಎಲ್‌ಗೆ ಹೀಗಿದೆ ಅಂದುಕೊಳ್ಳಿ: ಕಾರ್ಬೋಹೈಡ್ರೇಟ್ 13.2 ಗ್ರಾಂ, ಟೋಟಲ್ ಶುಗರ್ಸ್ 12.8, ಆ್ಯಡೆಡ್ ಶುಗರ್ಸ್ 8.5. ನಿಮಗೆ ಬೇಕಾಗಿರುವುದು ಟೋಟಲ್ ಶುಗರ್ಸ್ ಸಾಲು. ಲೋಟ 250 ಎಂಎಲ್ ಆದ್ದರಿಂದ 12.8 ಅನ್ನು ಎರಡೂವರೆಯಿಂದ ಗುಣಿಸಿದರೆ 32 ಗ್ರಾಂ. ನಾಲ್ಕರಿಂದ ಭಾಗಿಸಿದರೆ ಎಂಟು ಚಮಚ. ಇದರಲ್ಲಿ ಫ್ಯಾಕ್ಟರಿಯಲ್ಲಿ ಹಾಕಿದ್ದು ಐದು ಚಮಚದ ಮೇಲೆ ಸ್ವಲ್ಪ. ಉಳಿದದ್ದು ಹಣ್ಣಿನದೇ.

'ಹಣ್ಣಿನ ಸಕ್ಕರೆ ತಾನೇ, ಅದನ್ನ ಯಾಕೆ ಲೆಕ್ಕ ಹಾಕಬೇಕು ಮೇಡಂ?' ಅಂತ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹಣ್ಣನ್ನು ಕಚ್ಚಿ ತಿಂದರೆ ಲೆಕ್ಕ ಹಾಕಬೇಕಿಲ್ಲ. ಸಕ್ಕರೆ ತಿರುಳು, ನಾರಿನ ಒಳಗೆ ಸಿಕ್ಕಿಕೊಂಡಿರುತ್ತದೆ, ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ. ಒಂದು ಮೋಸಂಬಿ ತಿಂದ ಮಗು ಎರಡನೆಯದಕ್ಕೆ ಸಾಕು ಅನ್ನುತ್ತದೆ. ಅದೇ ರಸ ಮಾಡಿದರೆ ಮೂರು ನಾಲ್ಕು ಹಣ್ಣಿನದ್ದು ಎರಡೇ ನಿಮಿಷಕ್ಕೆ ಒಳಗೆ ಹೋಗುತ್ತದೆ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜ್ಯೂಸ್‌ನ ಸಕ್ಕರೆಯನ್ನೂ ನಾವು ಹಾಕುವ ಸಕ್ಕರೆಯ ಜೊತೆಗೇ ಸೇರಿಸಿದೆ. 'ನೋ ಆ್ಯಡೆಡ್ ಶುಗರ್' ಅಂತ ದೊಡ್ಡದಾಗಿ ಬರೆದ ದ್ರಾಕ್ಷಿ ಜ್ಯೂಸ್‌ನಲ್ಲೂ ಟೋಟಲ್ ಸಾಲು ಕೋಲಾಗಿಂತ ಮೇಲಿರಬಹುದು. 2024ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, '100% ಹಣ್ಣಿನ ರಸ' ಅನ್ನುವ ಮಾತನ್ನೇ ಪ್ಯಾಕೆಟ್‌ನಿಂದ ತೆಗೆಯಲು ಹೇಳಿತು. ಅಂಥ ಎಷ್ಟೋ ಪ್ಯಾಕೆಟ್‌ಗಳಲ್ಲಿ ಇರುವುದು ಗಟ್ಟಿ ಮಾಡಿದ ರಸಕ್ಕೆ ಮತ್ತೆ ನೀರು ಬೆರೆಸಿದ್ದು.

ಒಂದು ಕಡೆ ಮಾತ್ರ ಟೋಟಲ್ ಸಾಲು ದಾರಿ ತಪ್ಪಿಸುತ್ತದೆ: ಬಾದಾಮಿ ಹಾಲಿನಂಥ ಹಾಲಿನ ಬಾಟಲಿಗಳಲ್ಲಿ. ಹಾಲಿನಲ್ಲೇ 100 ಎಂಎಲ್‌ಗೆ ಸುಮಾರು 5 ಗ್ರಾಂ ಸಕ್ಕರೆ ಸಹಜವಾಗಿ ಇರುತ್ತದೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಆ್ಯಡೆಡ್ ಸಾಲು ನೋಡಿ.

ಎಂಟು ಚಮಚ ಜಾಸ್ತಿನಾ? ಪ್ಯಾಕೆಟ್‌ನಲ್ಲಿ ಆರ್‌ಡಿಎ, ಅಂದರೆ ದಿನಕ್ಕೆ ಇಷ್ಟು ಅಂತ ಹೇಳಿದ ಪ್ರಮಾಣದ ಶೇಕಡಾ ಲೆಕ್ಕ ಕೊಟ್ಟಿರುತ್ತಾರೆ. ಅದು ದಿನಕ್ಕೆ 2000 ಕ್ಯಾಲರಿ ತಿನ್ನುವ ದೊಡ್ಡವರಿಗೆ, 50 ಗ್ರಾಂ ಲೆಕ್ಕದಲ್ಲಿ ಮಾಡಿದ್ದು. ಐದಾರು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 1400 ಕ್ಯಾಲರಿ. ಅದರ ಹತ್ತನೇ ಒಂದು ಭಾಗ, ಅಂದರೆ 140 ಕ್ಯಾಲರಿ ಮಾತ್ರ ಇಂಥ ಸಕ್ಕರೆಯಿಂದ ಬರಬಹುದು. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲರಿ, ಹಾಗಾಗಿ 35 ಗ್ರಾಂ, ಒಂಬತ್ತು ಚಮಚಕ್ಕಿಂತ ಸ್ವಲ್ಪ ಕಡಿಮೆ. ಅದೂ ಗರಿಷ್ಠ ಮಿತಿ, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ. ಒಂದು ಲೋಟ ಜ್ಯೂಸ್‌ಗೇ ದಿನದ ಕೋಟಾ ಹತ್ತಿರ ಹತ್ತಿರ ಮುಗಿಯಿತು. ಬೆಳಿಗ್ಗೆ ಹಾಲಿಗೆ ಹಾಕಿದ ಸಕ್ಕರೆ, ಸಂಜೆ ಬಿಸ್ಕತ್ತು ಇನ್ನೂ ಲೆಕ್ಕಕ್ಕೇ ಬಂದಿಲ್ಲ ನೋಡಿ.

ಇಷ್ಟು ಸಕ್ಕರೆ ಇದ್ದರೂ ಬಾಯಿಗೆ ಯಾಕೆ ಗೊತ್ತಾಗಲ್ಲ ಅಂತ ನಿಮಗೆ ಅನಿಸಬಹುದು. ಒಂದು ಲೋಟ ನೀರಿಗೆ ಐದು ಚಮಚ ಸಕ್ಕರೆ ಕಲಸಿ ಕುಡಿದು ನೋಡಿ, ಎರಡನೇ ಗುಟುಕಿಗೇ ಸಾಕೆನಿಸುತ್ತದೆ. ಅದಕ್ಕೇ ಒಂದು ನಿಂಬೆಹಣ್ಣು ಹಿಂಡಿ ಫ್ರಿಜ್‌ನಲ್ಲಿಟ್ಟು ಕುಡಿಯಿರಿ, ಸಲೀಸಾಗಿ ಇಳಿಯುತ್ತದೆ. ಸಕ್ಕರೆ ಒಂದು ಕಾಳೂ ಕಡಿಮೆ ಆಗಿಲ್ಲ. ಹುಳಿ ಮತ್ತು ತಂಪು ಸೇರಿ ಸಿಹಿಯನ್ನು ಮುಚ್ಚಿಬಿಡುತ್ತವೆ. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ, ಜ್ಯೂಸ್‌ನಲ್ಲಿ ಸಿಟ್ರಿಕ್ ಆಮ್ಲ ಮಾಡುವ ಕೆಲಸವೂ ಇದೇ. ಗ್ಯಾಸ್ ಹೋಗಿ ಬೆಚ್ಚಗಾದ ಕೋಲಾ ಕುಡಿದಿದ್ದರೆ ಗೊತ್ತಿರುತ್ತದೆ, ಸುಮ್ನೆ ಪಾಕ ಕುಡಿದ ಹಾಗಿರುತ್ತದೆ.

ಮಾವಿನ ಡ್ರಿಂಕ್ ಬಗ್ಗೆ ಒಂದು ಮಾತು. ಹೆಸರು 'ಫ್ರೂಟ್ ಡ್ರಿಂಕ್' ಅಂತಿದ್ದರೆ ಅದರಲ್ಲಿ ಹಣ್ಣಿನ ರಸ ನೂರಕ್ಕೆ ಹತ್ತು ಭಾಗ ಇದ್ದರೂ ನಿಯಮಕ್ಕೆ ಸಾಕು. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ನೀರು ಆದ ಮೇಲೆ ಸಕ್ಕರೆ ಬಂದು, ಮಾವಿನ ತಿರುಳು ಅದರ ಹಿಂದೆ ಇದ್ದರೆ ನಿಮಗೇ ಅರ್ಥವಾಗುತ್ತದೆ.

ಮನೆಯಲ್ಲಿ ಈಗಾಗಲೇ ತಂದಿಟ್ಟ ಪ್ಯಾಕೆಟ್ ಇದ್ದರೆ ಬಿಸಾಡಬೇಡಿ. ಚಿಕ್ಕ ಲೋಟಕ್ಕೆ 100 ಎಂಎಲ್ ಜ್ಯೂಸ್, ಅಷ್ಟೇ ತಣ್ಣೀರು ಹಾಕಿ ಕೊಡಿ, ಮೂರು ಚಮಚಕ್ಕೆ ಇಳಿಯುತ್ತದೆ. ಮಕ್ಕಳು ಒಂದೆರಡು ದಿನ ಮುಖ ಸಿಂಡರಿಸುತ್ತವೆ, ಆಮೇಲೆ ಒಗ್ಗಿಕೊಳ್ಳುತ್ತವೆ. ಸಂಜೆ ಮಂಡಕ್ಕಿ ಮಿರ್ಚಿ ತಿಂದು ಬಾಯಿ ಉರಿದಾಗ ಕೋಲಾ ಬದಲು ಮಜ್ಜಿಗೆ ಕೊಡಿ, ಖಾರಕ್ಕೂ ಅದೇ ಸರಿ. ಅಂಗಡಿಯಲ್ಲಿ ತಾಜಾ ಮೋಸಂಬಿ ಜ್ಯೂಸ್ ಕುಡಿಸುವುದಾದರೆ ಮಿಕ್ಸಿಗೆ ಕೈ ಹಾಕುವ ಮೊದಲೇ 'ಸಕ್ಕರೆ ಬೇಡ' ಅನ್ನಿ. ಅಲ್ಲಿ ಓದೋಕೆ ಲೇಬಲ್ ಇರುವುದಿಲ್ಲ.