ಕಂತಿನ ಲೆಕ್ಕದಲ್ಲಿ 67ರ ವ್ಯತ್ಯಾಸ

"10 ಲಕ್ಷ ಗೃಹಸಾಲ, ವಾರ್ಷಿಕ ಬಡ್ಡಿ 9%, 20 ವರ್ಷ. ಗುಣೋತ್ತರ ಶ್ರೇಣಿಯಿಂದ ನಾನೇ ಸೂತ್ರ ಬಿಡಿಸಿದರೆ ಕಂತು 8930.28 ಬರುತ್ತೆ, ಕ್ಯಾಲ್ಕುಲೇಟರ್ 8997.26 ಅನ್ನುತ್ತೆ. ಎಲ್ಲಿ ತಪ್ಪಿದೆ?"

ನಿಮ್ಮ ಶ್ರೇಣಿ ಬಹುಶಃ ಕೆಳಗೆ ಹೇಳಿರುವ v ಬದಲು 1ರಿಂದ ಶುರುವಾಗಿದೆ. ಬಿಡಿಸಿದ ಹಂತಗಳನ್ನು ನೀವು ಹಾಕಿಲ್ಲ, ಹಾಗಾಗಿ ಇದು ಊಹೆ. ಆದರೆ ಎರಡು ಉತ್ತರಗಳ ಅನುಪಾತ 1.0075, ಅಂದರೆ ಸರಿಯಾಗಿ ಒಂದು ತಿಂಗಳ ಬಡ್ಡಿ. ಸಾಲ ಪಡೆದ ದಿನವೇ ಮೊದಲ ಕಂತು ಕಟ್ಟಿದಂತೆ ಲೆಕ್ಕವಾಗಿದೆ.

ತಿಂಗಳ ಬಡ್ಡಿ r = 9/1200 = 0.0075, v = 1/(1+r), ಸಾಲ P, ಕಂತು E, ಕಂತುಗಳ ಸಂಖ್ಯೆ n = 240 ಎಂದಿಟ್ಟುಕೊಳ್ಳಿ. ಮೊದಲ ಕಂತು ಒಂದು ತಿಂಗಳ ನಂತರ ಬರುವುದರಿಂದ ಅದರ ಇಂದಿನ ಬೆಲೆ Ev, ಎರಡನೆಯದು Ev², ಹೀಗೆ 240ರವರೆಗೆ. ಇವೆಲ್ಲದರ ಮೊತ್ತ ಸಾಲಕ್ಕೆ ಸಮ:

```
P = E(v + v² + ... + vⁿ)
  = E·v(1 − vⁿ)/(1 − v)
```

ಇಲ್ಲಿ 1 − v = rv. ಅಂಶ, ಛೇದಗಳ v ಹೊಡೆದುಹೋಗುತ್ತದೆ (1ರಿಂದ ಶುರುಮಾಡಿದರೆ ಇದು ಹೋಗುವುದಿಲ್ಲ):

```
E = P·r/(1 − vⁿ)
```

v²⁴⁰ = 0.166413. ಆದ್ದರಿಂದ E = 7500/0.833587 = 8997.26. ಘಾತವನ್ನು 0.166 ಎಂದು ಮೊಟಕುಗೊಳಿಸಬೇಡಿ, ಕಂತು ನಾಲ್ಕೂವರೆಯಷ್ಟು ಕಡಿಮೆಯಾಗುತ್ತದೆ.

ತಾಳೆ ನೋಡಲು ಅಸಲಿನ ಭಾಗ ತೆಗೆದುಕೊಳ್ಳಿ. ಮೊದಲ ತಿಂಗಳ ಬಡ್ಡಿ 7500, ಅಸಲಿಗೆ ಹೋಗುವುದು 1497.26. ಈ ಭಾಗ ಪ್ರತಿ ತಿಂಗಳೂ 1.0075 ಪಟ್ಟು ಬೆಳೆಯುತ್ತದೆ. ಎರಡನೇ ತಿಂಗಳು 1508.49. ಇದೂ ಗುಣೋತ್ತರ ಶ್ರೇಣಿಯೇ. 240 ಪದ ಕೂಡಿಸಿ, 10 ಲಕ್ಷ ಬರಬೇಕು. ಪೈಸೆಯ ಮಟ್ಟಕ್ಕೆ ದುಂಡಾಗಿಸಿದ ಕಾರಣ ಕೆಲವು ರೂಪಾಯಿ ಆಚೀಚೆ ಆದರೆ ತಪ್ಪಲ್ಲ. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಸಾಲಕ್ಕೆ ಮಾತ್ರ ಈ ಸೂತ್ರ ಪೂರ್ತಿ ಹೊಂದುವುದಿಲ್ಲ.